ಲೇಸರ್ ಮಾಡಿಸಿ ಏಳು ವಾರ: ರಾತ್ರಿ ಪ್ರತಿ ಹೆಡ್‌ಲೈಟಿಗೂ ಪ್ರಭಾವಳಿ, ಮಧ್ಯಾಹ್ನ ಕಣ್ಣಲ್ಲಿ ಮರಳು. ಇದು ಹೋಗುತ್ತಾ?

ರಿಂಗ್‌ರೋಡ್_ರಾಗಿಮುದ್ದೆ

ನನಗೆ 27. ಏಳು ವಾರದ ಹಿಂದೆ ಎರಡೂ ಕಣ್ಣಿಗೆ ಲಾಸಿಕ್ ಆಯ್ತು. ಮುಂಚೆ ಬಲಗಣ್ಣು ಮೈನಸ್ 5.5, ಜೊತೆಗೆ ಒಂದೂಕಾಲು ಸಿಲಿಂಡರ್. ಎಡಗಣ್ಣು ಮೈನಸ್ 5. ಮಾರನೇ ದಿನವೇ ಗೋಡೆ ಗಡಿಯಾರ ಕನ್ನಡಕ ಇಲ್ಲದೆ ಕಾಣಿಸ್ತು, ಅಮ್ಮ ಅತ್ತೇ ಬಿಟ್ರು. ಹಗಲು ಏನೂ ತೊಂದರೆ ಇಲ್ಲ.

ರಾತ್ರಿ ಮಾತ್ರ ಬೇರೆ ಲೋಕ. ಬೆಳ್ಳಂದೂರಿನಿಂದ ಸಿಲ್ಕ್ ಬೋರ್ಡ್ ಕಡೆ ಸ್ಕೂಟರಲ್ಲಿ ಬರುವಾಗ ಎದುರಿನ ಪ್ರತಿ ಹೆಡ್‌ಲೈಟಿಗೂ ಉತ್ಸವಮೂರ್ತಿಗೆ ಇಟ್ಟ ಹಾಗೆ ಒಂದು ಪ್ರಭಾವಳಿ. ಬಿಳಿ ಎಲ್‌ಇಡಿ ಆದ್ರೆ ಅದರಿಂದ ಸುತ್ತಲೂ ಮುಳ್ಳುಮುಳ್ಳಾಗಿ ಕಿರಣ. ಎರಡು ಬೈಕ್ ಪಕ್ಕಪಕ್ಕ ಬರ್ತಿವೆಯೋ ಒಂದು ಕಾರೋ ಅಂತ ಗೊತ್ತಾಗದೆ ಮೊನ್ನೆ ಬ್ರೇಕ್ ಹಾಕಿ ಹಿಂದಿನವರಿಂದ ಬೈಸ್ಕೊಂಡೆ.

ಇನ್ನೊಂದು, ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಕಣ್ಣಲ್ಲಿ ಮರಳು ಹಾಕಿದ ಹಾಗೆ. ನನ್ನ ಸೀಟು ಎಸಿ ಗಾಳಿ ಬೀಳೋ ಜಾಗದಲ್ಲೇ ಇದೆ. ವಿಚಿತ್ರ ಅಂದ್ರೆ ಒಮ್ಮೊಮ್ಮೆ ಸುಮ್ನೆ ನೀರೂ ಸುರಿಯುತ್ತೆ. ಒಣ ಕಣ್ಣಾದ್ರೆ ನೀರು ಯಾಕೆ ಬರ್ಬೇಕು?

ಮೂರು ಬಾಟಲಿ ಡ್ರಾಪ್ಸ್ ಕೊಟ್ಟಿದ್ರು. ಅದರಲ್ಲೊಂದು ವಾರಕ್ಕೇ ಮುಗೀತು, ಉಳಿದ ಎರಡನ್ನ ತಪ್ಪದೆ ಹಾಕ್ತಾ ಇದ್ದೀನಿ. ಕ್ಲಿನಿಕ್‌ಗೆ ಫೋನ್ ಮಾಡಿದ್ರೆ "6/6 ಬಂದಿದೆಯಲ್ಲ, ನಾರ್ಮಲ್, ಆರು ತಿಂಗಳು ಕಾಯಿರಿ" ಅಂತಾರೆ. ಮಾಡಿಸಿಕೊಂಡವರು ಹೇಳಿ, ನಿಮಗೆ ಎಷ್ಟು ದಿನ ಇತ್ತು?

---

ಪೀಣ್ಯ_ಪುಟ್ಟಣ್ಣ

ಸೇಮ್ ಟು ಸೇಮ್. ನನಗೆ ಮೊದಲ ತಿಂಗಳು ಫ್ಲೈಓವರ್ ಹತ್ತಿದ್ರೆ ದೀಪಾವಳಿ. ಮೂರನೇ ತಿಂಗಳಿಗೆ ಅರ್ಧ ಇಳೀತು, ಐದಕ್ಕೆ ಮರ್ತೇ ಹೋಯ್ತು. ಇದೆಲ್ಲ ಡ್ರೈನೆಸ್ಸಿಂದ ಬರೋದು ಅಷ್ಟೇ. ನೀರು ಚೆನ್ನಾಗಿ ಕುಡೀರಿ, ಡ್ರಾಪ್ಸ್ ಗಂಟೆಗೊಂದು ಸಲ ಹಾಕಿ, ತಾನಾಗೇ ಹೋಗುತ್ತೆ. ಭಯ ಬೀಳ್ಬೇಡಿ.

---

ಹುಬ್ಬಳ್ಳಿ_ಹುಡುಗ_ಜಯನಗರದಾಗ

ನಮ್ಮ ಅಪ್ಪಾರಿಗೂ ಹಿಂಗ ಲೇಸರ್ ಮಾಡಿಸಿದ್ವಿರಿ ಹೋದ ವರ್ಷ. ಹತ್ತು ನಿಮಿಷದ ಕೆಲಸ, ಕಣ್ಣು ಕೊರದದ್ದೂ ಗೊತ್ತಾಗಿಲ್ಲ ಅವರಿಗೆ. ಮೊದಲ ಲೈಟ್ ನೋಡಿದ್ರ ಸುತ್ತ ಮಂಜು ಮಂಜು ಅಂತಿದ್ರು, ಲೇಸರ್ ಆದ ಮ್ಯಾಲ ಎರಡ ದಿನಕ್ಕ ಕ್ಲಿಯರ್. ನಿಮಗ ಏಳು ವಾರ ಆದ್ರೂ ಹೋಗಿಲ್ಲ ಅಂದ್ರ ಏನೋ ತಪ್ಪ ಮಾಡ್ಯಾರ ನೋಡ್ರಿ.

---

ಕಣ್ಣಳತೆ

ಹುಬ್ಬಳ್ಳಿಯವರೇ, ನಿಮ್ಮ ತಂದೆಯವರಿಗೆ ಮೊದಲೇ ಪೊರೆ ಆಪರೇಷನ್ ಆಗಿತ್ತಾ? ನೀವು ಹೇಳೋದು ಕೇಳಿದ್ರೆ ಅದು ಒಳಗಿನ ಲೆನ್ಸ್ ಹಿಂದೆ ಕಟ್ಟಿದ ಪೊರೆಗೆ ಮಾಡೋ ಯಾಗ್ ಲೇಸರ್ ಅನ್ಸುತ್ತೆ. ಅದು ಕಣ್ಣಿನ ಒಳಗಿನ ಕೆಲಸ. ಇವರದ್ದು ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಮೇಲೆ, ಪವರ್ ತೆಗೆಯೋದಕ್ಕೆ. ಹೆಸರು ಒಂದೇ, ಎರಡಕ್ಕೂ ಸಂಬಂಧ ಇಲ್ಲ.

ರಾಗಿಮುದ್ದೆ ಅವರೇ, ನಾನು ಆಪ್ಟೊಮೆಟ್ರಿಸ್ಟ್. ಹನ್ನೊಂದು ವರ್ಷದಿಂದ ಲೇಸರ್‌ಗೆ ಮುಂಚೆ, ಆಮೇಲೆ ಬರೋರನ್ನ ಪರೀಕ್ಷೆ ಮಾಡೋದೇ ಕೆಲಸ. ಡಾಕ್ಟರ್ ಅಲ್ಲ, ಆದ್ರಿಂದ ನಿಮ್ಮ ಕಣ್ಣು ನೋಡದೆ ತೀರ್ಪು ಕೊಡಲ್ಲ. ಏಳನೇ ವಾರದಲ್ಲಿ ಪ್ರಭಾವಳಿ ಇರೋದು ಅಪರೂಪ ಏನಲ್ಲ. ಅಮೆರಿಕದ ಎಫ್‌ಡಿಎ ಕಡೆಯಿಂದ ಆದ ಪ್ರೌಲ್ ಅಧ್ಯಯನದಲ್ಲಿ, ಮುಂಚೆ ಇಂಥ ಯಾವ ತೊಂದರೆಯೂ ಇಲ್ಲದವರ ಪೈಕಿ ನೂರಕ್ಕೆ 40ಕ್ಕೂ ಹೆಚ್ಚು ಜನ ಮೂರನೇ ತಿಂಗಳಲ್ಲಿ ಪ್ರಭಾವಳಿ, ಕಿರಣ, ಜೋಡಿ ಬಿಂಬ ಇಂಥದ್ದೊಂದು ಹೊಸದಾಗಿ ಕಾಣುತ್ತೆ ಅಂದಿದ್ರು. ದಿನದ ಕೆಲಸಕ್ಕೇ ತುಂಬ ಅಡ್ಡಿ ಅಂದವರು ಬಹಳ ಕಮ್ಮಿ. ಹಾಗಾಗಿ "ನಾರ್ಮಲ್" ಅಂದಿದ್ದು ಸುಳ್ಳಲ್ಲ. ಆದ್ರೆ "ನಾರ್ಮಲ್" ಅನ್ನೋದು ಕಾರಣ ಅಲ್ವಲ್ಲ. ಅದೇ ಪ್ರಭಾವಳಿ ಮೂರು ಬೇರೆ ಬೇರೆ ಜಾಗದಿಂದ ಬರಬಹುದು: ಕಣ್ಣೀರಿನ ಪದರ, ಉಳಿದ ಪವರ್, ಕತ್ತಲಲ್ಲಿ ಅರಳಿದ ಪಾಪೆಯ ಅಂಚು. ಯಾವುದರಿಂದ ಅನ್ನೋದರ ಮೇಲೆ ಅದು ಹೋಗುತ್ತೋ ಉಳಿಯುತ್ತೋ ನಿಂತಿದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಸ್ಕೂಟರ್ ಮೇಲೆ ಅಲ್ಲ, ಬಾಲ್ಕನಿಯಲ್ಲಿ ಕೂತು. ದೂರದ ಒಂದು ಬೀದಿದೀಪ ಆರಿಸ್ಕೊಳ್ಳಿ. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ರೆಪ್ಪೆ ಬಡಿಯದೆ ಹತ್ತು ಎಣಿಸೋ ತನಕ ನೋಡಿ. ಆಮೇಲೆ ಎರಡು ಸಲ ಚೆನ್ನಾಗಿ ರೆಪ್ಪೆ ಬಡಿದು ಮತ್ತೆ ನೋಡಿ. ನೋಡ್ತಾ ನೋಡ್ತಾ ಬಳೆ ದೊಡ್ಡದಾಗಿ, ಬಡಿದ ತಕ್ಷಣ ಚಿಕ್ಕದಾದ್ರೆ ಕಣ್ಣೀರಿನ ಪದರದ ಪಾತ್ರ ಇದೆ. ಆಮೇಲೆ ಒಂದು ವಿಸಿಟಿಂಗ್ ಕಾರ್ಡಿಗೆ ಗುಂಡುಸೂಜಿಯಲ್ಲಿ ತೂತು ಮಾಡಿ ಅದರೊಳಗಿಂದ ನೋಡಿ. ಕೊನೆಗೆ ಬಾಲ್ಕನಿ ಲೈಟ್ ಹಾಕಿ ಅದೇ ದೀಪ ನೋಡಿ. ಎರಡೂ ಕಣ್ಣಿಗೆ ಬೇರೆ ಬೇರೆ ಮಾಡಿ, ಬರೆದಿಟ್ಕೊಳ್ಳಿ.

ಇನ್ನೊಂದು ಪ್ರಶ್ನೆ, ಇದು ಬಾಲ್ಕನಿಗಿಂತ ಮುಖ್ಯ. ಆ ಉಳಿದ ಎರಡು ಬಾಟಲಿ ಯಾವುದು? ಅದರಲ್ಲಿ ಒಂದನ್ನ ಹಾಕೋ ಮುಂಚೆ ಅಲ್ಲಾಡಿಸಬೇಕಾ?

---

ರಿಂಗ್‌ರೋಡ್_ರಾಗಿಮುದ್ದೆ

ಹೌದು, ಒಂದು ಹಾಲಿನ ಹಾಗೆ ಬೆಳ್ಳಗಿದೆ, ಅಲ್ಲಾಡಿಸಿ ಹಾಕ್ಬೇಕು. ದಿನಕ್ಕೆ ನಾಲ್ಕು ಸಲ. ಇನ್ನೊಂದು ಕಣ್ಣೀರಿನ ಡ್ರಾಪ್ಸ್. ಬೆಳ್ಳಗಿರೋದು ಮುಗಿದಾಗ ಖಾಲಿ ಬಾಟಲಿ ತೋರಿಸಿ ಮೆಡಿಕಲ್ ಶಾಪಲ್ಲಿ ಇನ್ನೊಂದು ತಗೊಂಡೆ. ಎರಡು ಸಲ. ಅದು ಹಾಕಿದ್ರೆ ಕಣ್ಣು ಬೆಳ್ಳಗೆ, ಹಿತವಾಗಿರುತ್ತೆ.

---

ಕಣ್ಣಳತೆ

ಇದಕ್ಕೇ ಕೇಳಿದ್ದು. ಅದು ಬಹುಶಃ ಸ್ಟೀರಾಯ್ಡ್. ಲಾಸಿಕ್ ಆದವರಿಗೆ ಸಾಮಾನ್ಯವಾಗಿ ಒಂದೆರಡು ವಾರ ಕೊಟ್ಟು ನಿಲ್ಲಿಸ್ತಾರೆ. ನಿಮ್ಮ ಚೀಟಿ ತೆಗೆದು ನೋಡಿ, ನಾಲ್ಕು, ಮೂರು, ಎರಡು, ಒಂದು ಅಂತ ಇಳಿಸೋ ಲೆಕ್ಕ ಬರೆದಿರ್ತಾರೆ. ನಡುವೆ ಒಂದು ತಿಂಗಳ ಚೆಕಪ್‌ಗೆ ಹೋಗಿದ್ರಾ?

ಹಿತವಾಗಿರೋದು ನಿಜ, ಉರಿಯೂತ ಇಳಿಸುತ್ತೆ. ಆದ್ರೆ ಕೆಲವರಿಗೆ ಎರಡು ಮೂರು ವಾರ ದಾಟಿದ ಮೇಲೆ ಕಣ್ಣಿನ ಒಳಗಿನ ಒತ್ತಡ ಏರುತ್ತೆ. ನೋವು ಇರಲ್ಲ, ಕೆಂಪಾಗಲ್ಲ, ಗೊತ್ತೇ ಆಗಲ್ಲ. ಬಿಟ್ರೆ ಕಣ್ಣಿಂದ ಮೆದುಳಿಗೆ ಹೋಗೋ ನರಕ್ಕೆ ಪೆಟ್ಟು, ಅದು ವಾಪಸ್ ಬರಲ್ಲ. ಮೋಸ ಏನಂದ್ರೆ, ಲೇಸರ್ ಆದ ಕಾರ್ನಿಯಾ ತೆಳ್ಳಗಾಗಿರೋದ್ರಿಂದ ಒತ್ತಡ ಅಳೆಯೋ ಯಂತ್ರ ನಿಜಕ್ಕಿಂತ ಕಮ್ಮಿ ತೋರಿಸುತ್ತೆ. ನಿಮ್ಮಷ್ಟು ಪವರ್ ತೆಗೆದಿದ್ರೆ ವ್ಯತ್ಯಾಸ ಕಡೆಗಣಿಸೋ ಹಾಗಿಲ್ಲ. ಅದಕ್ಕೆ "ಲೇಸರ್‌ಗೆ ಮುಂಚೆ ನನ್ನ ಪ್ರೆಶರ್ ಎಷ್ಟಿತ್ತು" ಅಂತ ಹಳೇ ಫೈಲಿನ ಅಂಕಿ ಪಕ್ಕದಲ್ಲಿಟ್ಟು ನೋಡಿ ಅಂತ ಕೇಳಿ.

ನಾಳೆ ಬೆಳಿಗ್ಗೆ ಫೋನ್ ಮಾಡ್ಬೇಡಿ, ಹೋಗಿ. ಬಾಟಲಿ ಕೈಯಲ್ಲಿ ಹಿಡ್ಕೊಂಡು ಹೋಗಿ. ನಿಲ್ಲಿಸೋದು ಹೇಗೆ ಅಂತ ಡಾಕ್ಟರೇ ಹೇಳಲಿ.

---

ಪೀಣ್ಯ_ಪುಟ್ಟಣ್ಣ

ಅಯ್ಯೋ, ನಾನು ಗಂಟೆಗೊಂದು ಸಲ ಅಂದಿದ್ದು ಕಣ್ಣೀರಿನ ಡ್ರಾಪ್ಸ್ ಬಗ್ಗೆ! ಬಿಳೀದು ಹಾಕ್ಬೇಡಿ ಮಾರಾಯ್ರೆ.

---

ಕಣ್ಣಳತೆ

ಅದಕ್ಕೂ ಒಂದು ತಕರಾರಿದೆ ಪುಟ್ಟಣ್ಣ. ಹಲವು ದಿನ ಇಟ್ಟು ಬಳಸೋ ಬಾಟಲಿಗಳಲ್ಲಿ ಕೆಡದ ಹಾಗೆ ಪ್ರಿಸರ್ವೇಟಿವ್ ಹಾಕಿರ್ತಾರೆ, ಮುಖ್ಯವಾಗಿ ಬೆಂಜಾಲ್ಕೋನಿಯಮ್ ಕ್ಲೋರೈಡ್. ದಿನಕ್ಕೆ ನಾಲ್ಕು ಸಲ ಪರವಾಗಿಲ್ಲ. ಗಂಟೆಗೊಂದು ಸಲ ಹಾಕಿದ್ರೆ ಅದೇ ಕಾರ್ನಿಯಾದ ಮೇಲ್ಪದರವನ್ನ ಕೆರೆದು ಇನ್ನಷ್ಟು ಒಣಗಿಸುತ್ತೆ. ಜಾಸ್ತಿ ಹಾಕ್ಲೇಬೇಕು ಅನ್ನೋರಿಗೆ ಪ್ರಿಸರ್ವೇಟಿವ್ ಇಲ್ಲದ್ದು ಬೇಕು. ಪುಟ್ಟ ಪ್ಲಾಸ್ಟಿಕ್ ಕಡ್ಡಿಗಳ ಪಟ್ಟಿ ಬರುತ್ತಲ್ಲ, ತುದಿ ಮುರಿದು ಹಾಕೋದು, ಅದು. ದುಬಾರಿ. ನೀರು ಕುಡಿಯೋದ್ರಿಂದ ಮೂತ್ರಪಿಂಡಕ್ಕೆ ಒಳ್ಳೇದು.

ರಾಗಿಮುದ್ದೆ ಕೇಳಿದ್ದಕ್ಕೆ ಉತ್ತರ ಬಾಕಿ ಇತ್ತು, ಒಣ ಕಣ್ಣಲ್ಲಿ ನೀರು ಯಾಕೆ ಅಂತ. ಲಾಸಿಕ್‌ನಲ್ಲಿ ಕಾರ್ನಿಯಾ ಮೇಲೆ ಒಂದು ತೆಳು ಮುಚ್ಚಳ ಕತ್ತರಿಸಿ ಎತ್ತುತ್ತಾರೆ. ಆಗ ಅಲ್ಲಿನ ಸೂಕ್ಷ್ಮ ನರಗಳೂ ತುಂಡಾಗುತ್ತವೆ. "ಇಲ್ಲಿ ಒಣಗ್ತಾ ಇದೆ, ನೀರು ಕಳಿಸಿ, ರೆಪ್ಪೆ ಮುಚ್ಚಿ" ಅಂತ ಸುದ್ದಿ ಮುಟ್ಟಿಸೋದು ಅವೇ. ಸುದ್ದಿ ಹೋಗದೆ ಇದ್ರೆ ಕಣ್ಣು ದಿನವಿಡೀ ಅರೆಬರೆ ಒದ್ದೆಯಲ್ಲಿ ಇರುತ್ತೆ, ನಿಮಗೆ ಗೊತ್ತೂ ಆಗಲ್ಲ. ಕಂಪ್ಯೂಟರ್ ಮುಂದೆ ರೆಪ್ಪೆ ಬಡಿಯೋದು ಮೊದಲೇ ಕಮ್ಮಿ. ಮಧ್ಯಾಹ್ನದ ಹೊತ್ತಿಗೆ ಮೇಲ್ಪದರದಲ್ಲಿ ಒಣ ಚುಕ್ಕೆಗಳಾಗಿ ಉರಿ ಮೀರಿದಾಗ, ಕಣ್ಣು ಗಾಬರಿ ಬಿದ್ದು ಒಮ್ಮೆಲೇ ನೀರು ಸುರಿಸುತ್ತೆ. ಅದು ಈರುಳ್ಳಿ ಹೆಚ್ಚಿದಾಗ ಬರೋ ನೀರು, ನಿಲ್ಲಲ್ಲ, ಕೆನ್ನೆಗೆ ಹರಿದು ಹೋಗುತ್ತೆ. ನರ ಮತ್ತೆ ಬೆಳೆಯೋದಕ್ಕೆ ಆರರಿಂದ ಹನ್ನೆರಡು ತಿಂಗಳು. ಮೊದಲ ಮೂರು ತಿಂಗಳು ಜೋರು, ಆಮೇಲೆ ಬಹಳ ಜನಕ್ಕೆ ಇಳಿಯುತ್ತೆ. ಎಲ್ಲರಿಗೂ ಅಲ್ಲ.

---

ಮಲ್ಲೇಶ್ವರಂ_ಮಿಡಲ್‌ಕ್ಲಾಸ್

ನಂದು ಸ್ಮೈಲ್. ಮುಚ್ಚಳ ಇಲ್ಲ, ಚಿಕ್ಕ ಸೀಳಿನಿಂದ ಒಳಗಿನ ತುಣುಕು ಎಳೆದು ತೆಗೀತಾರೆ, ನರ ಕಮ್ಮಿ ಕತ್ತರಿಸುತ್ತೆ ಅಂತ ಹೆಚ್ಚು ದುಡ್ಡು ಕೊಟ್ಟೆ. ಒಣಗೋದು ನಿಜವಾಗ್ಲೂ ಎರಡು ತಿಂಗಳಿಗೆ ಹೋಯ್ತು. ಆದ್ರೆ ಪ್ರಭಾವಳಿ ಹೋಗಿಲ್ಲ, ನಾಲ್ಕು ವರ್ಷ ಆಯ್ತು. ಮೈನಸ್ 7 ಇತ್ತು ನಂದು. ಈಗ ಬೇಜಾರಿಲ್ಲ, ಗಣೇಶ ಹಬ್ಬದ ಸೀರಿಯಲ್ ಸೆಟ್ ಎಲ್ಲರಿಗಿಂತ ನನಗೇ ಚೆನ್ನಾಗಿ ಕಾಣುತ್ತೆ. ಆದ್ರೆ ಮೈಸೂರು ರಸ್ತೆಯಲ್ಲಿ ರಾತ್ರಿ ಗಾಡಿ ನನ್ನ ಹೆಂಡ್ತಿ ಓಡಿಸ್ತಾಳೆ.

"ಆರು ತಿಂಗಳು ಕಾಯಿರಿ" ಅಂತ ನನಗೂ ಹೇಳಿದ್ರು. ಆರು ತಿಂಗಳಾದ ಮೇಲೆ "ವರ್ಷ ಕಾಯಿರಿ". ವರ್ಷ ಆದ ಮೇಲೆ "ನಿಮ್ಮ ಪಾಪೆ ದೊಡ್ಡದು". ಪಾಪೆ ಮೊದಲು ಚಿಕ್ಕದಿತ್ತಾ ಸ್ವಾಮಿ?

---

ರಿಂಗ್‌ರೋಡ್_ರಾಗಿಮುದ್ದೆ

ಬಾಲ್ಕನಿ ವರದಿ. ಎಡಗಣ್ಣಲ್ಲಿ, ಹತ್ತು ಎಣಿಸೋದ್ರಲ್ಲಿ ದೀಪ ಹರಡ್ಕೊಳ್ಳುತ್ತೆ, ರೆಪ್ಪೆ ಬಡಿದ್ರೆ ಮುಕ್ಕಾಲು ಪಾಲು ಮಾಯ. ಬಲಗಣ್ಣಲ್ಲಿ ಬಡಿದ್ರೂ ಅಷ್ಟೇ, ಒಂದು ಚೂರು ಕಮ್ಮಿ ಆಗಬಹುದು. ಅಲ್ಲಿ ಮುಳ್ಳು ಸುತ್ತಲೂ ಸಮ ಇಲ್ಲ, ಎಡಬಲಕ್ಕೆ ಉದ್ದ. ತೂತಿನಿಂದ ನೋಡಿದ್ರೆ ಎರಡರಲ್ಲೂ ದೀಪ ದೀಪದ ಹಾಗೇ ಕಾಣುತ್ತೆ! ಬಾಲ್ಕನಿ ಲೈಟ್ ಹಾಕಿದ್ರೆ ಬಲಗಣ್ಣಲ್ಲೂ ಸುಮಾರು ಇಳಿಯುತ್ತೆ.

ಚೀಟಿ ಸಿಕ್ತು. ನೀವು ಹೇಳಿದ ಹಾಗೇ, ಎರಡು ವಾರದಲ್ಲಿ ಇಳಿಸಿ ನಿಲ್ಲಿಸಬೇಕಿತ್ತು. ಒಂದು ತಿಂಗಳ ಚೆಕಪ್‌ಗೆ ಹೋಗಿಲ್ಲ, ಆ ವಾರ ಆಫೀಸಲ್ಲಿ ರಿಲೀಸ್ ಇತ್ತು. ಹೊಟ್ಟೆ ತಳಮಳ. ನಾಳೆ ಮೊದಲನೇ ಕೆಲಸ ಇದೇ.

---

ಪೀಣ್ಯ_ಪುಟ್ಟಣ್ಣ

ತೂತಿನಲ್ಲಿ ಸರಿ ಕಂಡ್ರೆ ಪವರ್ ಉಳ್ಕೊಂಡಿದೆ ಅಂತ ಅರ್ಥ. ಮತ್ತೆ ಒಂದು ಸಲ ಲೇಸರ್ ಹೊಡೆಸಿ, ಹೋಗುತ್ತೆ. ಫ್ರೀಯಾಗೇ ಮಾಡ್ಬೇಕು ಅವರು.

---

ಕಣ್ಣಳತೆ

ಅಷ್ಟು ಬೇಗ ಹೊಡೆಸಬೇಡಿ. ತೂತು ಒಂದೇ ಏಟಿಗೆ ಎರಡು ಕೆಲಸ ಮಾಡುತ್ತೆ. ಉಳಿದ ಪವರ್‌ನ ಮಸುಕನ್ನೂ ತೆಗೆಯುತ್ತೆ, ಪಾಪೆಯ ಅಂಚಿನಿಂದ ಬರೋ ಬೆಳಕನ್ನೂ ತಡೆಯುತ್ತೆ. ಹಾಗಾಗಿ ಯಾವುದರಿಂದ ಅಂತ ತೂತು ಹೇಳಲ್ಲ.

ಮಲ್ಲೇಶ್ವರಂ ಅವರ ಸಿಟ್ಟಿಗೂ ಇಲ್ಲೇ ಉತ್ತರ ಇದೆ. ಲೇಸರ್ ಪೂರ್ತಿ ಪವರ್ ತೆಗೆಯೋದು ಕಾರ್ನಿಯಾದ ನಡುವಿನ ಸುಮಾರು ಆರು, ಆರೂವರೆ ಮಿಲಿಮೀಟರ್ ಅಗಲದಲ್ಲಿ. ಅದರಾಚೆ ಸಮತಟ್ಟು ಮಾಡಿದ ಜಾಗದಿಂದ ಹಳೇ ದಿಬ್ಬಕ್ಕೆ ಒಂದು ಇಳಿಜಾರು ಇರುತ್ತೆ. ಹಗಲು ಪಾಪೆ ಮೂರು ಮಿಲಿಮೀಟರ್, ಇಳಿಜಾರಿನ ತಂಟೆಯೇ ಇಲ್ಲ. ಕತ್ತಲಲ್ಲಿ ಚಿಕ್ಕ ವಯಸ್ಸಿನವರ ಪಾಪೆ ಏಳರವರೆಗೂ ಅರಳುತ್ತೆ, ಆಗ ಇಳಿಜಾರಿನ ಮೂಲಕ ಬಂದ ಬೆಳಕು ಬೇರೆ ಕಡೆ ಬಾಗಿ ಬಳೆ ಆಗುತ್ತೆ. ಹೆಚ್ಚು ಪವರ್ ತೆಗೆದಷ್ಟೂ ಇಳಿಜಾರು ಕಡಿದು. ನಿಮ್ಮ ಪಾಪೆ ಮೊದಲೂ ದೊಡ್ಡದೇ, ಆದ್ರೆ ಅದನ್ನ ಮೊದಲೇ ಕತ್ತಲಲ್ಲಿ ಅಳೆದು, "ಮೈನಸ್ 7ಕ್ಕೆ ಸ್ವಲ್ಪ ಉಳಿಯಬಹುದು" ಅಂತ ಹೇಳ್ಬೇಕಿತ್ತು. ಹೇಳದೆ ಇದ್ದದ್ದು ತಪ್ಪೇ. ಪಾಪೆಯ ಅಳತೆ ಒಂದರಿಂದಲೇ ಯಾರಿಗೆ ಪ್ರಭಾವಳಿ ಉಳಿಯುತ್ತೆ ಅಂತ ಹೇಳೋಕಾಗಲ್ಲ ಅಂತ ವಾದಿಸೋರೂ ನಮ್ಮಲ್ಲಿದ್ದಾರೆ, ದೊಡ್ಡ ಪಾಪೆಯವರೆಲ್ಲ ದೂರುತ್ತಾರೆ ಅಂತಲೂ ಇಲ್ಲ.

ರಾಗಿಮುದ್ದೆ ಅವರ ಎಡಗಣ್ಣು ಬಹುತೇಕ ಕಣ್ಣೀರಿನ ಕಥೆ. ಬಲಗಣ್ಣಲ್ಲಿ ಒಂದೇ ದಿಕ್ಕಿಗೆ ಎಳೆದ ಮುಳ್ಳು ಅಂದ್ರೆ ನನಗೆ ಉಳಿದ ಸಿಲಿಂಡರ್, ಅಂದ್ರೆ ಒಂದು ದಿಕ್ಕಿಗೆ ಮಾತ್ರ ಇರೋ ಪವರ್, ಅದರ ಮೇಲೆ ಅನುಮಾನ. ಪರೀಕ್ಷೆಗೆ ಹೋದಾಗ ಪವರ್ ನೋಡಿ, ಸಿಕ್ಕ ಪವರನ್ನ ಟ್ರಯಲ್ ಫ್ರೇಮಿಗೆ ಹಾಕಿ, ಕೋಣೆಯ ಲೈಟ್ ಆರಿಸಿ ದೂರದಲ್ಲೊಂದು ಟಾರ್ಚ್ ತೋರಿಸೋಕೆ ಹೇಳಿ. ಗಾಜು ಹಾಕಿದ್ರೆ ಮುಳ್ಳು ಹೋದ್ರೆ ಸಿಲಿಂಡರ್, ಹೋಗದೆ ಇದ್ರೆ ಇಳಿಜಾರು. 6/6 ಬಂತು ಅನ್ನೋದು ಲೈಟ್ ಹಾಕಿದ ಕೋಣೆಯಲ್ಲಿ ಬಿಳಿ ಹಲಗೆಯ ಕಪ್ಪು ಅಕ್ಷರ ಓದಿದ ಲೆಕ್ಕ. ರಿಂಗ್ ರೋಡ್ ಅಲ್ಲಿಲ್ಲ.

---

ಅಪ್ಪನೇ_ಆಟದಸಾಮಾನು

ಚಿಂತೆ ಯಾವಾಗ ಮಾಡ್ಬೇಕು ಅನ್ನೋದಕ್ಕೆ ನನ್ನ ಕಥೆ ಹೇಳ್ತೀನಿ. ಲಾಸಿಕ್ ಆಗಿ ಐದು ತಿಂಗಳು, ಎಲ್ಲ ಸರಿ. ಒಂದು ಭಾನುವಾರ ಮಗಳು, ಎರಡು ವರ್ಷ, ಮುದ್ದು ಮಾಡೋಕೆ ಬಂದು ಉಗುರು ಸೀದಾ ಕಣ್ಣಿಗೆ. ನೀರು, ಉರಿ. ಅರ್ಧ ಗಂಟೆಗೆ ಉರಿ ಇಳೀತು, ಆದ್ರೆ ಟಿವಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ನೆರಳಿನ ಅಕ್ಷರ. ನಾಳೆ ನೋಡೋಣ ಅಂತಿದ್ದೆ, ನನ್ನ ತಂಗಿ ಬೈದು ಆ ಸಂಜೆಯೇ ಕರ್ಕೊಂಡು ಹೋದ್ಲು. ಮುಚ್ಚಳ ಸರಿದು ಮಡಿಕೆ ಬಿದ್ದಿತ್ತು, ಹಾಸಿದ ಬೆಡ್‌ಶೀಟ್ ಸುಕ್ಕಾದ ಹಾಗೆ. ರಾತ್ರಿಯೇ ಎತ್ತಿ, ತೊಳೆದು, ನೀವಿ ಕೂರಿಸಿದ್ರು. ತಡ ಮಾಡಿದ್ರೆ ಮಡಿಕೆ ಕಚ್ಚಿಕೊಂಡು ಬಿಡಿಸೋದು ಕಷ್ಟ ಅಂದ್ರು. ಮುಚ್ಚಳದ ಅಂಚು ವರ್ಷಗಳಾದ್ರೂ ಮೊದಲಿನಷ್ಟು ಗಟ್ಟಿ ಆಗಲ್ವಂತೆ, ಇದನ್ನ ನನಗೆ ಯಾರೂ ಮೊದಲು ಹೇಳಿರ್ಲಿಲ್ಲ.

---

ಕಣ್ಣಳತೆ

ತಂಗಿಗೆ ಒಂದು ಸೀರೆ ಕೊಡಿಸಿ.

ಏಟು ಬಿದ್ರೆ ಅದೇ ದಿನ. ಮೊದಲ ವಾರಗಳಲ್ಲಿ ನೋವು, ಕೆಂಪು, ಬೆಳಕಿಗೆ ಕಣ್ಣು ಬಿಡೋಕಾಗದೆ ಇರೋದು, ಜೊತೆಗೆ ನೋಟ ಇಳಿದ್ರೆ ಅದೇ ದಿನ, ಭಾನುವಾರ ಆದ್ರೂ. ಕಣ್ಣ ಮುಂದೆ ಮಿಂಚು, ಹೊಸದಾಗಿ ಕಪ್ಪು ಚುಕ್ಕೆಗಳ ಸುರಿಮಳೆ, ಒಂದು ಬದಿಯಿಂದ ಪರದೆ ಎಳೆದ ಹಾಗಾದ್ರೆ ಅದು ಕಣ್ಣಿನ ಹಿಂಪರದೆ ರೆಟಿನಾದ ತೊಂದರೆ, ಲೇಸರ್‌ಗೆ ಸಂಬಂಧ ಇಲ್ಲದೆ ಇದ್ರೂ ಓಡಿ. ಮೈನಸ್ ಪವರ್ ತೆಗೆದ್ರೂ ಕಣ್ಣುಗುಡ್ಡೆ ಒಳಗೆ ಉದ್ದಕ್ಕೇ ಇದೆ, ರೆಟಿನಾದ ಅಪಾಯ ಹಾಗೇ ಉಳಿಯುತ್ತೆ ಅನ್ನೋದನ್ನ ಜನ ಮರೀತಾರೆ. ಇನ್ನು ನಿಧಾನದ ಅಪಾಯ ಒಂದಿದೆ. ಪ್ರಭಾವಳಿ ಇರೋದಕ್ಕಿಂತ ಅದು ಯಾವ ಕಡೆ ಹೋಗ್ತಿದೆ ನೋಡಿ. ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ರೆ ಕಾಯಬಹುದು. ಚೆನ್ನಾಗಾದ ಮೇಲೆ, ವರ್ಷದ ನಂತರವೇ ಆಗಲಿ, ಮತ್ತೆ ಜಾಸ್ತಿ ಆಗ್ತಾ ಸಿಲಿಂಡರ್ ಏರ್ತಾ ಹೋದ್ರೆ ಕಾರ್ನಿಯಾ ಉಬ್ಬುತ್ತಿದೆಯಾ ಅಂತ ಟೊಪೊಗ್ರಫಿ ಮಾಡಿಸಿ.

---

ರಿಂಗ್‌ರೋಡ್_ರಾಗಿಮುದ್ದೆ

ಹೋಗಿ ಬಂದೆ. ಲೇಸರ್‌ಗೆ ಮುಂಚೆ ಪ್ರೆಶರ್ ಎರಡರಲ್ಲೂ 14. ಇವತ್ತು ಬಲ 24, ಎಡ 22. "21ರ ತನಕ ನಾರ್ಮಲ್, ಸ್ವಲ್ಪ ಜಾಸ್ತಿ ಅಷ್ಟೇ" ಅಂತ ಅಳೆದ ಹುಡುಗ ಹೇಳಿದ. ನಾನು ತೆಳ್ಳಗಿನ ಕಾರ್ನಿಯಾ ವಿಷಯ ಎತ್ತಿದೆ. ಡಾಕ್ಟರ್ ಒಂದು ಕ್ಷಣ ನನ್ನ ಮುಖ ನೋಡಿ, ನಿಜ, ಒಳಗೆ ಇನ್ನೂ ಹೆಚ್ಚಿರುತ್ತೆ ಅಂದ್ರು. ಬಿಳಿ ಡ್ರಾಪ್ಸ್ ಬಂದ್. ಪ್ರೆಶರ್ ಇಳಿಸೋ ಡ್ರಾಪ್ಸ್ ಕೊಟ್ಟಿದ್ದಾರೆ. ನರದ ಸ್ಕ್ಯಾನ್ ಆಯ್ತು, ಏನೂ ಆಗಿಲ್ಲ.

ಹಳದಿ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದ್ರು. ಕಣ್ಣೀರಿನ ಪದರ ಬಲದಲ್ಲಿ ನಾಲ್ಕು ಸೆಕೆಂಡಿಗೆ, ಎಡದಲ್ಲಿ ಐದಕ್ಕೆ ಒಡೆಯುತ್ತಂತೆ, ಹತ್ತಾದ್ರೂ ನಿಲ್ಲಬೇಕಂತೆ. ರೆಪ್ಪೆ ಅಂಚಿನ ಎಣ್ಣೆ ಗ್ರಂಥಿಗಳೂ ಕಟ್ಟಿಕೊಂಡಿವೆ, ದಿನಾ ಬಿಸಿಬಟ್ಟೆ ಹತ್ತು ನಿಮಿಷ. ಕಡ್ಡಿ ಡ್ರಾಪ್ಸ್ ಬರೆದ್ರು. ಸೈಕ್ಲೋಸ್ಪೊರಿನ್ ಅಂತ ಇನ್ನೊಂದು, ಹಾಕಿದ ತಕ್ಷಣ ಉರಿಯುತ್ತೆ, ಎರಡು ಮೂರು ತಿಂಗಳಿಗೆ ಫಲ ಗೊತ್ತಾಗೋದು ಅಂದ್ರು.

ಬಲಗಣ್ಣಲ್ಲಿ ಮುಕ್ಕಾಲು ಸಿಲಿಂಡರ್ ಉಳಿದಿದೆ. ಕತ್ತಲಲ್ಲಿ ಗಾಜು ಹಾಕಿ ಟಾರ್ಚ್ ತೋರಿಸಿ ಅಂದಾಗ ನಕ್ಕರು, ಆದ್ರೂ ತೋರಿಸಿದ್ರು. ಮುಳ್ಳು ಹೋಯ್ತು! ಬಳೆ ಉಳೀತು, ತೆಳ್ಳಗೆ.

---

ಪೀಣ್ಯ_ಪುಟ್ಟಣ್ಣ

ನಾನು ಹೇಳಿದ್ನಲ್ಲ, ಪವರ್ ಇದೆ ಅಂತ.

---

ಕಣ್ಣಳತೆ

ಅರ್ಧ ಮಾರ್ಕ್ಸ್ ಕೊಡೋಣ. ಒಣಗಿದ ಕಣ್ಣಲ್ಲಿ ಅಳೆದ ಸಿಲಿಂಡರ್ ಮೇಲೆ ಪೂರ್ತಿ ನಂಬಿಕೆ ಇಡೋ ಹಾಗಿಲ್ಲ, ಪದರ ಒಡೆದ್ರೆ ಅಳತೆಯೇ ಅಲ್ಲಾಡುತ್ತೆ. ಮೊದಲು ಒಣಗೋದು ಹದಕ್ಕೆ ಬರಲಿ. ಮೂರು ತಿಂಗಳ ಮೇಲೆ ಒಂದು ಅಳತೆ, ಸ್ವಲ್ಪ ಬಿಟ್ಟು ಇನ್ನೊಂದು. ಎರಡೂ ಒಂದೇ ಬಂದ್ರೆ, ಕಾರ್ನಿಯಾ ದಪ್ಪ ಸಾಕಷ್ಟಿದ್ರೆ, ಆಗ ಎರಡನೇ ಲೇಸರ್ ಮಾತು. ಅಲ್ಲಿಯ ತನಕ ರಾತ್ರಿ ಗಾಡಿಗೆ ಅದೇ ಮುಕ್ಕಾಲಿನ ಒಂದು ಕನ್ನಡಕ ಮಾಡಿಸ್ಕೊಳ್ಳಿ. ಕನ್ನಡಕ ಬಿಡೋಕೆ ಅಷ್ಟು ಖರ್ಚು ಮಾಡಿದವರಿಗೆ ಇದನ್ನ ಹೇಳಿದ್ರೆ ನನ್ನ ಮೇಲೆ ರೇಗ್ತಾರೆ, ಗೊತ್ತು.

---

ರಿಂಗ್‌ರೋಡ್_ರಾಗಿಮುದ್ದೆ

ಹತ್ತನೇ ವಾರ. ಪ್ರೆಶರ್ 16, 15. ಆಫೀಸಲ್ಲಿ ಸೀಟು ಬದಲಾಯಿಸ್ಕೊಂಡೆ, ಮೂರು ಗಂಟೆಯ ಮರಳು ಈಗ ಐದಕ್ಕೆ ಬರುತ್ತೆ. ಎಡಗಣ್ಣಲ್ಲಿ ಬೀದಿದೀಪ ಬೀದಿದೀಪವೇ. ಬಲಗಣ್ಣಲ್ಲಿ ಬಳೆ ಇದೆ. ಕನ್ನಡಕ ಮಾಡಿಸಿದೆ, ಅಮ್ಮನಿಗೆ ಹೇಳಿಲ್ಲ, ಹೆಲ್ಮೆಟ್ ಒಳಗೆ ಇಟ್ಟಿರ್ತೀನಿ.

---

ಹುಬ್ಬಳ್ಳಿ_ಹುಡುಗ_ಜಯನಗರದಾಗ

ಅಪ್ಪಾರ ಚೀಟಿ ನೋಡಿದ್ನಿರಿ, ಯಾಗ್ ಅಂತನ ಬರದಾರ. ಅವರೂ ಒಂದು ಬಿಳಿ ಬಾಟಲಿ ಇನ್ನೂ ಹಾಕ್ಕೊಳ್ಳಾಕತ್ತಾರ, ವರ್ಷ ಆತು. ಅಲ್ಲಾಡಿಸಿ ಹಾಕೋದ. ನಾಳೆ ಕರಕೊಂಡು ಹೊಂಟೀನಿ.